ಪರದೇಶದ ಸಂಗಾತಿಯೂ ಎರಡು ವರ್ಷದ ಲೆಕ್ಕವೂ

ವಿದೇಶದಲ್ಲಿ ಹಲವು ಕಾಲ ನೌಕರಿಯಲ್ಲಿದ್ದು, ಅಲ್ಲಿಯವಳನ್ನೇ ಅಥವಾ ಅಲ್ಲಿಯವನನ್ನೇ ವರಿಸಿ, ಕಡೆಗೆ ತಂದೆತಾಯಿಗಳ ವಾರ್ಧಕ್ಯವನ್ನೋ ಮಕ್ಕಳ ವಿದ್ಯಾಭ್ಯಾಸವನ್ನೋ ನೆನೆದು ಜಯನಗರಕ್ಕೋ ಜೆ.ಪಿ. ನಗರಕ್ಕೋ ಹಿಂದಿರುಗಿ ಬರುವ ಕುಟುಂಬಗಳು ಈಚಿನ ವರ್ಷಗಳಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ಅಪರೂಪವಲ್ಲ. ಸೊಸೆ ಪರದೇಶದವಳೆಂಬುದನ್ನು ಮನೆಯ ಹಿರಿಯರು ಒಪ್ಪಿಕೊಂಡ ಮೇಲೆ, ಛತ್ರದಲ್ಲಿ ಧಾರೆಯೆರೆದು ಮಾಂಗಲ್ಯಧಾರಣವಾದ ಮೇಲೆ, ಆಕೆ ಈ ಮನೆಯವಳೇ ಆದಳು, ಇನ್ನು ಇಲ್ಲಿರುವುದಕ್ಕೆ ಯಾರ ಅಪ್ಪಣೆ ಬೇಕು ಎಂಬ ಭಾವನೆ ನಮ್ಮವರಲ್ಲಿ ಸಹಜವಾಗಿ ಬೇರೂರಿದೆ. ಶಾಸನದ ದೃಷ್ಟಿ ಇದಕ್ಕೆ ತೀರ ಭಿನ್ನವಾದುದು. ಭಾರತದ ಪ್ರಜೆಯನ್ನು ಮದುವೆಯಾದ ಮಾತ್ರದಿಂದ ಪರದೇಶೀಯರಿಗೆ ಇಲ್ಲಿ ವಾಸಿಸುವ ಹಕ್ಕು ತಾನಾಗಿ ಪ್ರಾಪ್ತವಾಗುವುದಿಲ್ಲ. ಅವರಿಗೆ ದೊರೆಯುವುದೆಲ್ಲ ಅರ್ಜಿ ಹಾಕುವ ಅರ್ಹತೆ ಮಾತ್ರ. ಆ ಅರ್ಹತೆಯೂ ಮದುವೆಯಾದ ದಿನದಿಂದಲ್ಲ, ಮದುವೆ ಸರ್ಕಾರದ ಪುಸ್ತಕದಲ್ಲಿ ದಾಖಲಾದ ದಿನದಿಂದ ಎಣಿಕೆಗೆ ಬರುತ್ತದೆ. ಈ ಇಡೀ ವಿಷಯದಲ್ಲಿ ಜನ ಪಡುವ ಕಷ್ಟಗಳಲ್ಲಿ ಬಹುಪಾಲು ಈ ಒಂದು ವ್ಯತ್ಯಾಸವನ್ನು ತಡವಾಗಿ ಅರಿತುದರ ಫಲವೆಂದು ನನ್ನ ಅಭಿಪ್ರಾಯ.

ಪರದೇಶೀಯರ ಮೇಲಿನ ನಮ್ಮ ಕಾನೂನು ಬಹುಮಟ್ಟಿಗೆ ಬ್ರಿಟಿಷರ ಕಾಲದ ಶಂಕೆಯಿಂದ ಹುಟ್ಟಿದುದು. 1920ರ ಪಾಸ್‌ಪೋರ್ಟ್ ಶಾಸನ ಮೊದಲನೆಯ ಮಹಾಯುದ್ಧದ ಬೆನ್ನಲ್ಲಿಯೂ, 1939ರ ವಿದೇಶೀಯರ ನೋಂದಣಿ ಶಾಸನ ಎರಡನೆಯದರ ಹೊಸ್ತಿಲಲ್ಲಿಯೂ ಬಂದವು. 1946ರ ವಿದೇಶೀಯರ ಶಾಸನ ಅವುಗಳ ಜೊತೆಗೂಡಿತು. ಸ್ವಾತಂತ್ರ್ಯ ಬಂದ ಮೇಲೂ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲ ಇವೇ ಆಳಿದವು. ರಷ್ಯದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ 1945ರಲ್ಲಿ ದೇವಿಕಾರಾಣಿಯವರನ್ನು ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲಸಿ, 1993ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರನ್ನೇ ತನ್ನ ಊರಾಗಿಸಿಕೊಂಡುದು ಈ ಶಾಸನಗಳ ಆಳ್ವಿಕೆಯ ಕಾಲದಲ್ಲಿಯೇ. ಆತನಂಥ ಪ್ರಸಿದ್ಧ ಪುರುಷನಿಗೆ ಬಾಗಿಲುಗಳು ಸುಲಭವಾಗಿ ತೆರೆದಿರಬಹುದು. ಬನಶಂಕರಿ ಮೂರನೆಯ ಹಂತದ ಸಾಮಾನ್ಯ ಗೃಹಸ್ಥನಿಗೆ ಆ ಸೌಕರ್ಯವಿಲ್ಲ. 2025ರ ಏಪ್ರಿಲಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದು ಅದೇ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶೀಯರ ಶಾಸನ ಈ ಹಳೆಯ ಶಾಸನಗಳನ್ನೂ, ವಿಮಾನ ಹಡಗುಗಳ ಹೊಣೆಯನ್ನು ಕುರಿತ 2000ದ ಇನ್ನೊಂದನ್ನೂ ರದ್ದುಮಾಡಿ ಅವೆಲ್ಲದರ ಸ್ಥಾನದಲ್ಲಿ ತಾನು ನಿಂತಿದೆ. ಇದರಿಂದ ಕುಟುಂಬಗಳ ದಿನಚರಿಯಲ್ಲಿ ತೀರ ದೊಡ್ಡ ಮಾರ್ಪಾಟೇನೂ ಆಗಿಲ್ಲ. ಆದರೆ ವೀಸಾ ಅವಧಿ ಮೀರಿ ಉಳಿದವರಿಗೆ ಮೂರು ವರ್ಷದವರೆಗೆ ಸೆರೆಯನ್ನೂ ಮೂರು ಲಕ್ಷ ರೂಪಾಯಿಯವರೆಗೆ ಜುಲ್ಮಾನೆಯನ್ನೂ ವಿಧಿಸಲು ಅದು ಅಧಿಕಾರ ಕೊಡುತ್ತದೆಂಬುದನ್ನು ಮರೆಯಲಾಗದು.

ಮದುವೆಯ ದಾಖಲೆಯ ವಿಷಯವೇ ಮೂಲವಾದ್ದರಿಂದ ಅದನ್ನು ಮೊದಲು ವಿಚಾರಮಾಡುವುದು ಯುಕ್ತ. ವಧೂವರರಿಬ್ಬರೂ ಹಿಂದೂಗಳಾಗಿದ್ದರೆ ಮಾತ್ರ 1955ರ ಹಿಂದೂ ವಿವಾಹ ಶಾಸನ ಅವರಿಗೆ ಅನ್ವಯಿಸುತ್ತದೆ. ಕ್ರೈಸ್ತಳಾದ ಪೋಲೆಂಡಿನ ಹೆಣ್ಣೊಬ್ಬಳನ್ನು ಮಾಧ್ವ ಮನೆತನದ ಹುಡುಗ ಬಸವನಗುಡಿಯ ಛತ್ರವೊಂದರಲ್ಲಿ ಸಪ್ತಪದಿ ತುಳಿದು ಮದುವೆಯಾದರೆ, ನೆಂಟರಿಷ್ಟರ ದೃಷ್ಟಿಯಲ್ಲಿ ಅದು ಪರಿಪೂರ್ಣ ವಿವಾಹ. ಆದರೆ ಆ ಶಾಸನದಡಿಯಲ್ಲಿ ಹಿಂದೂ–ಕ್ರೈಸ್ತ ವಿವಾಹಕ್ಕೆ ಸ್ಥಾನವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸ್ಪಷ್ಟವಾಗಿ ಹೇಳಿದೆ. ಕೆಲವರು ಶುದ್ಧಿಸಂಸ್ಕಾರವೊಂದನ್ನು ಮಾಡಿಸಿ, ವಧುವಿಗೆ ಹೊಸ ಹೆಸರಿಟ್ಟು, ಆ ಮೇಲೆ ಹಿಂದೂ ವಿವಾಹವೆಂದು ದಾಖಲಿಸುವ ಹತ್ತಿರದ ದಾರಿ ಹಿಡಿಯುವುದುಂಟು. ನಂಬಿಕೆಯಿಂದ ಮಾಡಿದ ಮತಾಂತರದ ಮಾತು ಬೇರೆ. ಕಾಗದಕ್ಕಾಗಿಯೇ ಮಾಡಿದುದು ಮುಂದೆ ಒಂದು ಕಡೆ ‘ಲಕ್ಷ್ಮಿ’ ಎಂತಲೂ, ಪಾಸ್‌ಪೋರ್ಟಿನಲ್ಲಿ ಇನ್ನಾವುದೋ ಹೆಸರೆಂತಲೂ ನಿಂತು, ಪ್ರತಿಯೊಂದು ಕಿಟಕಿಯಲ್ಲಿಯೂ ಪ್ರಮಾಣಪತ್ರ ಬರೆಸುವ ಸ್ಥಿತಿಗೆ ತರುತ್ತದೆ. ನನ್ನ ಮಟ್ಟಿಗೆ ಆ ದಾರಿ ಹತ್ತಿರದ್ದೂ ಅಲ್ಲ.

ಸರಿಯಾದ ದಾರಿ 1954ರ ವಿಶೇಷ ವಿವಾಹ ಶಾಸನದ್ದು. ಇದರಲ್ಲಿ ಎರಡು ಬಾಗಿಲುಗಳಿವೆ. ಇನ್ನೂ ಮದುವೆಯಾಗದವರು ವಿವಾಹಾಧಿಕಾರಿಗೆ ನೋಟೀಸು ಕೊಟ್ಟು, ಮೂವತ್ತು ದಿನ ಅದು ಕಚೇರಿಯ ಫಲಕದಲ್ಲಿ ತೂಗಾಡಿದ ಮೇಲೆ, ಮೂವರು ಸಾಕ್ಷಿಗಳ ಸಮಕ್ಷಮ ಅಲ್ಲಿಯೇ ವಿವಾಹವಾಗಬಹುದು. ನೋಟೀಸಿಗೆ ಮುಂಚೆ ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಮೂವತ್ತು ದಿನ ವಾಸವಾಗಿದ್ದರೆ ಸಾಕು, ಮತ್ತು ನೋಟೀಸು ಕೊಟ್ಟ ಮೂರು ತಿಂಗಳೊಳಗಾಗಿ ಮದುವೆ ಮುಗಿಯತಕ್ಕದ್ದು. ಛತ್ರದಲ್ಲಿ ಮದುವೆ ಮೊದಲೇ ಆಗಿಹೋಗಿದ್ದರೆ ಎರಡನೆಯ ಬಾಗಿಲು, ಹದಿನೈದನೆಯ ಕಲಮಿನದು, ತೆರೆದಿರುತ್ತದೆ. ಇಲ್ಲಿ ಇಬ್ಬರೂ ಇಪ್ಪತ್ತೊಂದು ತುಂಬಿದವರಾಗಿರಬೇಕು. ಮತ್ತು ಇಬ್ಬರೂ ಆ ಜಿಲ್ಲೆಯಲ್ಲಿ ಅರ್ಜಿಗೆ ಮುಂಚೆ ಮೂವತ್ತು ದಿನ ವಾಸವಾಗಿರಬೇಕು. ಮತ್ತೆ ಮೂವತ್ತು ದಿನದ ಪ್ರಕಟಣೆ. ರಜೆಯ ಮೇಲೆ ಮೂರು ವಾರಕ್ಕೆಂದು ಬಂದು ಮದುವೆ ಮುಗಿಸಿಕೊಂಡು ಹೋಗುವವರಿಗೆ ಈ ಎರಡು ತಿಂಗಳ ಕಾಲ ಒದಗುವುದಿಲ್ಲವೆಂಬುದು ಸ್ಪಷ್ಟ. ಇದಲ್ಲದೆ ವಧು ಅಥವಾ ವರ ಅವಿವಾಹಿತರೆಂದೂ ವಿವಾಹಕ್ಕೆ ಅಡ್ಡಿಯಿಲ್ಲವೆಂದೂ ಅವರ ದೇಶದ ರಾಯಭಾರ ಕಚೇರಿಯಿಂದ ಒಂದು ಪತ್ರವನ್ನು ತರಿಸುವುದೂ ರೂಢಿ. ನೋಂದಣಿ ಮುಗಿದ ಮೇಲೆ ಸಿಗುವ ದಾಖಲೆಯಲ್ಲಿ ನೋಡಬೇಕಾದ ಮುಖ್ಯಾಂಶ ಇದು: ಹೀಗೆ ದಾಖಲಾದ ಮದುವೆ ಈ ಶಾಸನದಡಿಯಲ್ಲಿ ನಡೆದ ಮದುವೆಯೆಂದು ಎಣಿಸಲ್ಪಡುವುದು ಪುಸ್ತಕದಲ್ಲಿ ನಮೂದಾದ ದಿನದಿಂದ, ಛತ್ರದಲ್ಲಿ ಅಕ್ಷತೆ ಬಿದ್ದ ದಿನದಿಂದಲ್ಲ.

ಇದರ ಪರಿಣಾಮವನ್ನು ಒಂದು ಕಲ್ಪಿತ ದಂಪತಿಗಳ ಮೂಲಕ ಲೆಕ್ಕಹಾಕಿ ನೋಡುವುದು ವಿಹಿತ. ಜಯನಗರದ ಹುಡುಗ, ಪೋಲೆಂಡಿನ ಕ್ರಾಕೊ ಪಟ್ಟಣದಲ್ಲಿ ನೌಕರಿ, ಅಲ್ಲಿಯ ಹುಡುಗಿ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಛತ್ರದಲ್ಲಿ ಮದುವೆ, ಮರುವಾರ ವಿಮಾನವೇರಿ ವಾಪಸು. ದಾಖಲಾತಿಯ ವಿಚಾರ ‘ಆಮೇಲೆ ನೋಡೋಣ’ ಎಂದು ಉಳಿಯಿತು. 2024ರ ಕೊನೆಗೆ ಊರಿಗೆ ಮರಳುವ ನಿಶ್ಚಯವಾದಾಗ ಇಬ್ಬರೂ ಎರಡೂವರೆ ತಿಂಗಳು ಬಂದು ಕುಳಿತು ವಿಶೇಷ ವಿವಾಹ ಶಾಸನದಡಿ ನೋಂದಣಿ ಮಾಡಿಸಿದರು; ಪುಸ್ತಕದಲ್ಲಿ ನಮೂದಾದುದು 2025ರ ಜನವರಿ 20. ಈಗ ಸಾಗರೋತ್ತರ ಭಾರತೀಯ ಪ್ರಜೆಯ ಕಾರ್ಡು, ಜನ ಒಸಿಐ ಎಂದೇ ಕರೆಯುವುದು, ಭಾರತೀಯನ ಸಂಗಾತಿಗೆ ಸಿಗಬೇಕಾದರೆ, 1955ರ ಪೌರತ್ವ ಶಾಸನದ 7ಎ ಕಲಮಿನ ಪ್ರಕಾರ ಮದುವೆ ನೋಂದಣಿಯಾಗಿ, ಅರ್ಜಿಗೆ ಮುಂಚೆ ಎರಡು ವರ್ಷ ಅವಿಚ್ಛಿನ್ನವಾಗಿ ಸಾಗಿರಬೇಕು. ಆದ್ದರಿಂದ ಆಕೆ ಅರ್ಜಿ ಹಾಕಬಹುದಾದುದು 2027ರ ಜನವರಿಯಲ್ಲಿ. ಅದೇ ಮದುವೆಯನ್ನು 2022ರ ಡಿಸೆಂಬರಿನಲ್ಲಿಯೇ ಕ್ರಾಕೊ ಪಟ್ಟಣದ ನಾಗರಿಕ ದಾಖಲೆಯ ಕಚೇರಿಯಲ್ಲಿ ಅಲ್ಲಿಯ ಕಾನೂನಿನಂತೆ ಮಾಡಿಕೊಂಡು, ಆ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸಿಟ್ಟಿದ್ದರೆ, 2024ರ ಡಿಸೆಂಬರಿನಲ್ಲಿಯೇ, ಊರಿಗೆ ಹೊರಡುವುದಕ್ಕೆ ಮುಂಚೆ, ವಾರ್ಸಾದ ಭಾರತೀಯ ರಾಯಭಾರ ಕಚೇರಿಯಲ್ಲಿ ಕಾರ್ಡಿಗೆ ಅರ್ಜಿ ಹಾಕಬಹುದಾಗಿತ್ತು. ವೀಸಾ, ನೋಂದಣಿ, ವಿಳಾಸದ ಪುರಾವೆ ಇವುಗಳ ಇಡೀ ಸರಣಿಯೇ ತಪ್ಪುತ್ತಿತ್ತು. ಛತ್ರದ ಮದುವೆ ಅಜ್ಜಿಗಾಗಿ, ಕಚೇರಿಯ ಮದುವೆ ಕಾನೂನಿಗಾಗಿ ಎಂದು ಎರಡನ್ನೂ ಮಾಡಿಕೊಳ್ಳುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ.

ನೋಂದಣಿ ತಡವಾದ ಈ ದಂಪತಿಗಳು ಹಿಡಿಯಬೇಕಾದ ಮಾರ್ಗ ಪ್ರವೇಶ ವೀಸಾದ್ದು. ಕಾಗದದಲ್ಲಿ ಅದು ಎಕ್ಸ್ ವೀಸಾ, ಭಾರತೀಯರ ಸಂಗಾತಿಗೂ ಮಕ್ಕಳಿಗೂ ಕೊಡುವ ಬಗೆಗೆ ಎಕ್ಸ್-2 ಎಂಬ ಹೆಸರು. ಇದನ್ನು ಹೊರಡುವ ಮುಂಚೆ ಆ ದೇಶದ ನಮ್ಮ ರಾಯಭಾರ ಕಚೇರಿಯಲ್ಲಿಯೇ ಪಡೆಯುವುದು ಉತ್ತಮ. ‘ಹೇಗೂ ಇ-ವೀಸಾ ಎರಡು ದಿನದಲ್ಲಿ ಬರುತ್ತದೆ, ಅಲ್ಲಿಗೆ ಹೋಗಿ ಬದಲಾಯಿಸಿಕೊಂಡರಾಯಿತು’ ಎಂದು ಪ್ರವಾಸಿಯಾಗಿ ಬರುವವರು ಬಹಳ ಮಂದಿ. ಇ-ವೀಸಾ ವಿಸ್ತರಣೆಗೂ ಬೇರೆ ಬಗೆಯ ವೀಸಾ ಆಗಿ ಪರಿವರ್ತನೆಗೂ ಒಳಪಡತಕ್ಕುದಲ್ಲವೆಂದು ಅದರ ನಿಯಮವೇ ಹೇಳುತ್ತಿರುವಾಗ, ವಿನಾಯಿತಿ ದೊರೆತೀತೆಂಬ ಆಸೆಯ ಮೇಲೆ ಸಂಸಾರವನ್ನೇ ಸಾಗಿಸಿಕೊಂಡು ಬರುವುದು ಅವಿವೇಕ. ಎಕ್ಸ್ ವೀಸಾ ಹಲವು ವರ್ಷಕ್ಕೆ, ಹಲವು ಸಲ ಬಂದುಹೋಗುವ ಅನುಮತಿಯೊಡನೆ ದೊರೆಯುತ್ತದೆ. ಅದರ ಮುಖ್ಯ ಕೊರತೆ ನೌಕರಿಯದು: ಅದೊಂದೇ ವೀಸಾದ ಬಲದಿಂದ ಆಕೆ ಬನ್ನೇರುಘಟ್ಟ ರಸ್ತೆಯ ಯಾವ ಕಂಪನಿಯಲ್ಲೂ ಸಂಬಳಕ್ಕೆ ಸೇರುವಂತಿಲ್ಲ, ಅದಕ್ಕೆ ಸರ್ಕಾರದ ಬೇರೆ ಅನುಮತಿ ಬೇಕು. ಒಸಿಐ ಕಾರ್ಡು ಬಂದ ಮೇಲೆ, ಪತ್ರಿಕೋದ್ಯಮ, ಮತಪ್ರಚಾರ, ಸಂಶೋಧನೆ ಮುಂತಾದ ಕೆಲವನ್ನು ಬಿಟ್ಟರೆ, ಆ ನಿರ್ಬಂಧ ಕಳಚಿಬೀಳುತ್ತದೆ. ಹೀಗಾಗಿ ಓದಿದ ಹೆಣ್ಣುಮಗಳೊಬ್ಬಳು ಕಾರ್ಡು ಬರುವವರೆಗೆ ಮನೆಯಲ್ಲಿ ಸುಮ್ಮನೆ ಕುಳಿತಿರಬೇಕಾಗುವುದು ನೋಂದಣಿಯ ಒಂದು ತಡದಿಂದ.

ಇನ್ನು ಬಂದಿಳಿದ ಮೇಲಿನ ಕರ್ತವ್ಯ. ವೀಸಾದ ಮೇಲೆ, ಬಂದ ಹದಿನಾಲ್ಕು ದಿನದೊಳಗಾಗಿ ನೋಂದಣಿ ಆಗತಕ್ಕದ್ದೆಂದು ಸಾಮಾನ್ಯವಾಗಿ ಮುದ್ರಿತವಾಗಿರುತ್ತದೆ. ಕೆಲವು ವೀಸಾಗಳ ಮೇಲೆ ಒಂದೊಂದು ವಾಸ್ತವ್ಯ 180 ದಿನ ಮೀರದಿದ್ದರೆ ನೋಂದಣಿ ಬೇಡವೆಂದಿರುತ್ತದೆ. ಈ ಸಣ್ಣ ಅಕ್ಷರದ ಸಾಲನ್ನು ವಿಮಾನ ಹತ್ತುವ ಮುಂಚೆ ಓದಿಕೊಳ್ಳುವವರು ಕಡಮೆ. ನಮ್ಮ ದಂಪತಿಗಳು 2025ರ ನವೆಂಬರ್ 3ರಂದು ದೇವನಹಳ್ಳಿಯ ವಿಮಾನನಿಲ್ದಾಣದಲ್ಲಿ ಇಳಿದರೆಂದಿಟ್ಟುಕೊಳ್ಳೋಣ. ನವೆಂಬರ್ 17ರೊಳಗೆ ಅರ್ಜಿ ಹೋಗಿರಬೇಕು. ಬೆಂಗಳೂರಿನ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿ ಇರುವುದು ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದ ಮಹಡಿಯಲ್ಲಿ, ಡಬಲ್ ರೋಡ್ ಎಂದು ಜನ ಕರೆಯುವ ಕೆ.ಎಚ್. ರಸ್ತೆಯಲ್ಲಿ. ಮುಂಚೆ ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಳಗ್ಗೆಯೇ ಅಲ್ಲಿ ಸಾಲುನಿಲ್ಲುವ ಪದ್ಧತಿ ಇತ್ತು. 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದ ಮೇಲೆ, ಬೆಂಗಳೂರು ಅದರ ಮೊದಲ ನಗರಗಳಲ್ಲೊಂದಾದ್ದರಿಂದ, ಅರ್ಜಿಯೆಲ್ಲ indianfrro.gov.in ಮೂಲಕವೇ ಹೋಗುತ್ತದೆ. ಸಂದೇಹವಿದ್ದರೆ ಮಾತ್ರ ಕಚೇರಿಯವರು ಕರೆಯುತ್ತಾರೆ. ವಾಸಾನುಮತಿಯ ಪತ್ರವೂ ಮಿಂಚಂಚೆಯಲ್ಲಿಯೇ ಬರುತ್ತದೆ.

ಕಾಗದಗಳು ಅನೇಕವಲ್ಲ: ಪಾಸ್‌ಪೋರ್ಟು, ವೀಸಾ, ಬಂದಿಳಿದ ಮುದ್ರೆ, ಮದುವೆಯ ಪ್ರಮಾಣಪತ್ರ, ಗಂಡನ ಭಾರತೀಯ ಪಾಸ್‌ಪೋರ್ಟು, ಆಕೆಯ ಹೊಣೆ ತನ್ನದೆಂದು ಆತ ಬರೆದುಕೊಡುವ ಪತ್ರ, ವಿಳಾಸದ ಪುರಾವೆ. ಇವುಗಳಲ್ಲಿ ತೊಡಕಾಗುವುದು ವಿಳಾಸ; ಮತ್ತು ದಕ್ಷಿಣ ಬೆಂಗಳೂರಿನಲ್ಲಿ ಅದು ತೊಡಕಾಗುವ ರೀತಿಗೆ ಒಂದು ಸ್ಥಳೀಯ ಲಕ್ಷಣವಿದೆ. ಜಯನಗರದ ಹಳೆಯ ಮನೆ, ಮುಂದೆ ಪಾರಿಜಾತ, ಹಿಂದೆ ತೆಂಗು. ಅದರ ಕರೆಂಟು ಬಿಲ್ಲು ತಿಂಗಳು ತಿಂಗಳೂ ಬರುತ್ತಿರುವುದು ಹದಿನೈದು ವರ್ಷದ ಹಿಂದೆಯೇ ತೀರಿಕೊಂಡ ಅಜ್ಜನ ಹೆಸರಿನಲ್ಲಿ. ಖಾತೆ ಅಪ್ಪನ ಹೆಸರಿಗೆ ಆಗಿರಬಹುದು, ಅಣ್ಣತಮ್ಮಂದಿರ ಪಾಲುಪಟ್ಟಿಯ ದೆಸೆಯಿಂದ ಆಗದೆಯೂ ಇರಬಹುದು. ಹೊಣೆ ಹೊರುವ ಗಂಡನ ಹೆಸರಿಗೂ ಆ ಮನೆಗೂ ಕಾಗದದ ಮೇಲೆ ಸಂಬಂಧವೇ ಕಾಣದು. ಆಗ ಅಜ್ಜನ ಮರಣಪತ್ರ, ಅಪ್ಪನ ಆಧಾರ್, ಈ ಮನೆಯಲ್ಲಿ ಸೊಸೆ ನಮ್ಮ ಸಮ್ಮತಿಯಿಂದ ವಾಸವಾಗಿದ್ದಾಳೆಂದು ಅಪ್ಪನ ಪತ್ರ, ಇವನ್ನೆಲ್ಲ ಜೋಡಿಸಬೇಕಾಗುತ್ತದೆ. ಬೆಸ್ಕಾಂ ಕಚೇರಿಗೆ ಹೋಗಿ ಮೀಟರಿನ ಹೆಸರನ್ನು ಮೊದಲೇ ಬದಲಾಯಿಸಿಕೊಂಡಿದ್ದರೆ ಒಂದು ಪುಟದಲ್ಲಿ ಮುಗಿಯುತ್ತಿದ್ದ ವಿಷಯ.

ಹೆಸರಿನ ತೊಡಕೂ ಇದೇ ಜಾತಿಯದು. ನಮ್ಮಲ್ಲಿ ಅಪ್ಪನ ಹೆಸರನ್ನೂ ಊರಿನ ಹೆಸರನ್ನೂ ಇನಿಷಿಯಲ್ಲಾಗಿ ಇಟ್ಟುಕೊಳ್ಳುವ ಪದ್ಧತಿ, ಆಧಾರಿನಲ್ಲಿ ಎಚ್.ಎಸ್. ಪ್ರಸನ್ನ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿದ ಮೂರು ಪದಗಳ ಹೆಸರು, ವಿದೇಶದ ಮದುವೆಯ ದಾಖಲೆಯಲ್ಲಿ ಅಲ್ಲಿಯ ಗುಮಾಸ್ತೆ ಅಪ್ಪನ ಹೆಸರನ್ನೇ ಮನೆತನದ ಹೆಸರೆಂದು ಭಾವಿಸಿ ಬರೆದ ಮೂರನೆಯ ರೂಪ. ಆಕೆಯಾದರೋ ಮದುವೆಯ ಮೇಲೆ ಹೆಸರು ಬದಲಿಸಿಕೊಂಡಿದ್ದರೆ, ಹಳೆಯ ಪಾಸ್‌ಪೋರ್ಟಿನಲ್ಲಿ ವೀಸಾ, ಹೊಸದರಲ್ಲಿ ಹೆಸರು. ಮದುವೆಯ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರೂ ಪಾಸ್‌ಪೋರ್ಟಿನ ಅಕ್ಷರಕ್ಕೆ ಅಕ್ಷರ ಹೊಂದುವಂತೆ ಬರೆಸುವ ಎಚ್ಚರವನ್ನು, ಸಹಿ ಹಾಕುವ ಗಳಿಗೆಯ ಮುಂಚೆ, ಮೇಜಿನ ಈಚೆ ನಿಂತಿರುವವರೇ ವಹಿಸಬೇಕು. ಮುದ್ರಿತವಾದ ಮೇಲೆ ತಿದ್ದುವುದು ಸುಲಭವಲ್ಲ.

ಸ್ವಂತ ಮನೆಯಿಲ್ಲದೆ ಬಿಟಿಎಂ ಬಡಾವಣೆಯಲ್ಲಿಯೋ ಜೆ.ಪಿ. ನಗರದ ಏಳನೆಯ ಹಂತದಲ್ಲಿಯೋ ಬಾಡಿಗೆ ಹಿಡಿದವರಿಗೆ ಬೇರೊಂದು ಸಂಗತಿ ಎದುರಾಗುತ್ತದೆ. ವಿದೇಶೀಯರಿಗೆ ವಸತಿ ಕೊಟ್ಟವರು ಇಪ್ಪತ್ತನಾಲ್ಕು ಗಂಟೆಯೊಳಗೆ ಅದನ್ನು ಕಚೇರಿಗೆ ತಿಳಿಸಬೇಕೆಂಬುದು ಹಳೆಯ ನಿಯಮ. ‘ಸಿ ಫಾರಂ’ ಎಂಬ ಹೆಸರಿನಿಂದಲೇ ಜನ ಅದನ್ನು ಬಲ್ಲರು, ಹೊಸ ಶಾಸನವೂ ಆ ಹೊಣೆಯನ್ನು ಉಳಿಸಿಕೊಂಡಿದೆ. ಹೋಟೆಲಿನವರಿಗೆ ಇದು ದಿನನಿತ್ಯದ ಕೆಲಸ. ಕೆಳಗಡೆ ತಾವಿದ್ದು ಮೇಲ್ಮಹಡಿಯನ್ನು ಬಾಡಿಗೆಗೆ ಕೊಟ್ಟಿರುವ ನಿವೃತ್ತ ಗೃಹಸ್ಥರಿಗೆ ಪೊಲೀಸರ ಹೆಸರೇ ಕಸಿವಿಸಿ. “ಬಾಡಿಗೆ ಕರಾರಿದೆಯಲ್ಲಪ್ಪ, ಅದ್ರಲ್ಲಿ ನಿನ್ನ ಹೆಸರೂ ಇದೆ, ಮತ್ತೆ ನಮ್ಮ ಆಧಾರ್ ಯಾಕೆ, ನಮ್ಮ ಫೋನ್ ನಂಬರ್ ಯಾಕೆ? ನಾಳೆ ಸ್ಟೇಷನ್ನಿನಿಂದ ಯಾರಾದ್ರೂ ಬಂದ್ರೆ ಬೀದಿಯವರು ಏನಂತಾರೆ?” ಎಂದು ಅವರು ಕೇಳಿದರೆ ತಪ್ಪು ತಿಳಿಯಬೇಕಾದುದಿಲ್ಲ. ಕರಾರಿಗೆ ಸಹಿ ಹಾಕಿ ಅಡ್ವಾನ್ಸು ಕೊಡುವ ಮುಂಚೆಯೇ ಈ ಮಾತನ್ನು ಬಿಚ್ಚಿಹೇಳಿ, ಅಂತರ್ಜಾಲದಲ್ಲಿ ಫಾರಂ ತುಂಬುವುದಕ್ಕೆ ಅವರ ಪಕ್ಕದಲ್ಲಿ ಕುಳಿತು ನೆರವಾದರೆ, ಅರ್ಧ ಗಂಟೆಯ ಕೆಲಸ. ಮುಂಚೆ ಹೇಳದೆ, ಹದಿಮೂರನೆಯ ದಿನ ರಾತ್ರಿ ಮೇಲಿನಿಂದ ಇಳಿದು ಬಂದು ಕೇಳಿದರೆ, ಮನೆಯನ್ನೇ ಖಾಲಿಮಾಡೆಂದ ಪ್ರಸಂಗಗಳುಂಟು. ಅತ್ತೆಮಾವಂದಿರ ಸ್ವಂತ ಮನೆಯಲ್ಲಿರುವ ಸೊಸೆಯ ಪರವಾಗಿಯೂ ಕಚೇರಿ ಇಂಥ ನಮೂನೆಯನ್ನು ಕೇಳುವುದುಂಟು. ಮಾವನೇ ಆಗ ‘ವಸತಿ ಕೊಟ್ಟವನು’. ಮನೆ ಬದಲಾಯಿಸಿದರೆ ಇದೆಲ್ಲ ಮತ್ತೆ ಆಗತಕ್ಕದ್ದೆಂಬುದನ್ನು ಪ್ರತಿ ಹನ್ನೊಂದು ತಿಂಗಳಿಗೆ ಮನೆ ಬದಲಿಸುವ ನಮ್ಮ ಬಾಡಿಗೆದಾರರು ಅಗತ್ಯವಾಗಿ ನೆನಪಿಡಬೇಕು: ಹೊಸ ವಿಳಾಸ ನೋಂದಣಿಯಲ್ಲಿ ಏರದಿದ್ದರೆ, ಮುಂದಿನ ವಿಸ್ತರಣೆಯ ಅರ್ಜಿ ಮೊದಲು ನಿಲ್ಲುವುದು ಅಲ್ಲಿ.

ಇಲ್ಲಿಯವರೆಗೆ ಹೇಳಿದುದನ್ನು ಕೇಳಿ ನಮ್ಮ ಸರ್ಕಾರ ವಿಶೇಷ ಕಠಿಣವೆಂದು ಯಾರಾದರೂ ಭಾವಿಸಿದರೆ ಅದು ನ್ಯಾಯವಲ್ಲ. ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆತರುವ ಪ್ರಜೆ 2024ರ ಏಪ್ರಿಲಿನಿಂದ ವರ್ಷಕ್ಕೆ 29,000 ಪೌಂಡು ಆದಾಯ ತೋರಿಸಬೇಕು; ಜರ್ಮನಿ ಬಹುಮಟ್ಟಿನ ದೇಶಗಳಿಂದ ಬರುವ ಸಂಗಾತಿ ಮೊದಲ ಹಂತದ ಜರ್ಮನ್ ಭಾಷೆ ಕಲಿತಿರಬೇಕೆನ್ನುತ್ತದೆ. ನಾವು ಆದಾಯವನ್ನು ಕೇಳುವುದಿಲ್ಲ, ಕನ್ನಡವನ್ನೂ ಕೇಳುವುದಿಲ್ಲ. ಬಡವನ ಹೆಂಡತಿಗೂ ಧನಿಕನ ಹೆಂಡತಿಗೂ ಒಂದೇ ನಮೂನೆ. ನಾವು ಕೇಳುವುದು ಕಾಲವನ್ನು, ಮತ್ತು ಪತಿಯ ಸಹಿಯನ್ನು. ಈ ಎರಡನೆಯದು ನನಗೆ ಒಪ್ಪಿಗೆಯಾಗದ ಅಂಶ. ಎಕ್ಸ್ ವೀಸಾದ ವಿಸ್ತರಣೆಗೆ ಗಂಡ ಹೊಣೆಪತ್ರ ಬರೆದುಕೊಡಬೇಕು. ಸಂಸಾರದಲ್ಲಿ ಮನಸ್ತಾಪ ಬಂದ ದಿನ ಆ ಒಂದು ಹಾಳೆ ಆತನ ಕೈಯಲ್ಲಿ ಆಯುಧವಾಗಬಲ್ಲದು. ಒಸಿಐ ಕಾರ್ಡು ಬಂದ ಮೇಲೂ, ಸಂಗಾತಿಯೆಂಬ ಆಧಾರದಿಂದ ಪಡೆದ ಕಾರ್ಡನ್ನು ವಿಚ್ಛೇದನವಾದರೆ ರದ್ದುಮಾಡಲು 7ಡಿ ಕಲಮು ಅವಕಾಶ ಕೊಡುತ್ತದೆ. ಆದ್ದರಿಂದ ಆಕೆ ತನ್ನ ಪಾಸ್‌ಪೋರ್ಟು, ಮದುವೆಯ ಪ್ರಮಾಣಪತ್ರ, ವಾಸಾನುಮತಿ ಇವುಗಳ ಮೂಲವನ್ನು ತನ್ನ ವಶದಲ್ಲಿಯೇ ಇಟ್ಟುಕೊಳ್ಳುವುದು, ಅತ್ತೆಯ ಬೀರುವಿನಲ್ಲಿ ಒಡವೆಯೊಡನೆ ಇಡದಿರುವುದು, ಒಳ್ಳೆಯ ಮನೆತನಗಳಲ್ಲಿಯೂ ವಿವೇಕದ ಕ್ರಮ.

ಎಲ್ಲ ದೇಶದವರಿಗೂ ಈ ಮಾರ್ಗ ಒಂದೇ ಅಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ನೇಪಾಳ ಭೂತಾನಗಳ ಪ್ರಜೆಗಳಿಗೆ ಭಾರತದಲ್ಲಿ ವಾಸಕ್ಕೆ ವೀಸಾ ಬೇಡ. ಪಾಕಿಸ್ತಾನ ಬಾಂಗ್ಲಾದೇಶಗಳ ಪ್ರಜೆಗಳಿಗೆ, ತಂದೆತಾಯಿ, ಅಜ್ಜ, ಮುತ್ತಜ್ಜಂದಿರು ಆ ದೇಶದವರಾಗಿದ್ದವರಿಗೂ, ಒಸಿಐ ಇಲ್ಲ. ಆ ಎರಡು ದೇಶಗಳ ಪ್ರಜೆಗಳಿಗೆ ದೀರ್ಘಾವಧಿ ವೀಸಾದ ಪ್ರತ್ಯೇಕ ಮಾರ್ಗ.

ಮಗುವಿನ ವಿಚಾರ ಎಲ್ಲಕ್ಕಿಂತ ಸೂಕ್ಷ್ಮವಾದುದು, ಮತ್ತು ಅವಧಿ ಮೀರುವುದರ ನಿಜವಾದ ಅಪಾಯ ತಿಳಿಯುವುದು ಇಲ್ಲಿ. 2004ರ ಡಿಸೆಂಬರ್ 3ರಿಂದೀಚೆಗೆ ಭಾರತದಲ್ಲಿ ಹುಟ್ಟಿದ ಮಗು ಜನ್ಮದಿಂದ ಪ್ರಜೆಯಾಗಬೇಕಾದರೆ, ತಂದೆತಾಯಿಗಳಿಬ್ಬರೂ ಪ್ರಜೆಗಳಾಗಿರಬೇಕು, ಇಲ್ಲವೆ ಒಬ್ಬರು ಪ್ರಜೆಯಾಗಿದ್ದು ಇನ್ನೊಬ್ಬರು ಆ ಮಗು ಹುಟ್ಟಿದ ಸಮಯದಲ್ಲಿ ‘ಅಕ್ರಮ ವಲಸಿಗ’ರಾಗಿರಬಾರದು. ಅಕ್ರಮ ವಲಸಿಗರೆಂದರೆ ಕದ್ದು ಗಡಿ ದಾಟಿದವರು ಮಾತ್ರವೆಂದು ನಮ್ಮ ಕಲ್ಪನೆ. ಶಾಸನದ ವ್ಯಾಖ್ಯೆಯೊಳಗೆ, ಸಕ್ರಮವಾಗಿ ಬಂದು ಅನುಮತಿಯ ಅವಧಿ ಮುಗಿದ ಮೇಲೂ ಉಳಿದವರು ಸಹ ಸೇರುತ್ತಾರೆ. ಹೆರಿಗೆಗೆ ಮುಂಚಿನ ಗಡಿಬಿಡಿಯಲ್ಲಿ ವೀಸಾ ಮುಗಿದುದನ್ನು ಗಮನಿಸದೆ ಹೋದ ತಾಯಿಯ ಮಗು ಜಯನಗರದ ನರ್ಸಿಂಗ್ ಹೋಮಿನಲ್ಲಿ ಹುಟ್ಟಿದರೂ, ಅದರ ಪೌರತ್ವ ಪ್ರಶ್ನೆಗೆ ಒಳಗಾಗಬಹುದು. ಎರಡು ವರ್ಷದ ಕಾಯುವಿಕೆಯ ನಡುವೆ ಗರ್ಭಧಾರಣೆಯಾದರೆ, ಹೆರಿಗೆಯ ದಿನವನ್ನೂ ವೀಸಾ ಮುಗಿಯುವ ದಿನವನ್ನೂ ಒಂದೇ ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು, ವಿಸ್ತರಣೆಯ ಅರ್ಜಿಯನ್ನು ಮುಂಚಿತವಾಗಿಯೇ ಹಾಕುವುದು ತಂದೆಯಾಗುವವನ ಮೊದಲ ಕೆಲಸ. ಹಾಗೆಯೇ, ಮಗುವಿಗೆ ತಾಯಿಯ ದೇಶದ ಪಾಸ್‌ಪೋರ್ಟನ್ನೂ ನಮ್ಮದನ್ನೂ ಏಕಕಾಲದಲ್ಲಿ ಇಟ್ಟುಕೊಂಡು ಓಡಾಡಿಸುವ ಯೋಚನೆ ನಮ್ಮ ಕಾನೂನಿನಲ್ಲಿ ನಡೆಯುವುದಿಲ್ಲ. ಪರದೇಶದ ಪಾಸ್‌ಪೋರ್ಟಿನ ಮೇಲೆ ಇಲ್ಲಿಂದ ಹೊರಡುವ ಮಗುವಿಗೆ ಅದೇ ಶಾಂತಿನಗರದ ಕಚೇರಿಯ ಅನುಮತಿ ಬೇಕಾಗುತ್ತದೆ.

ಎರಡು ವರ್ಷ ಕಳೆದ ಮೇಲೆ ಒಸಿಐ ಅರ್ಜಿಯ ಸಮಯ. ಸಂಗಾತಿಯ ಆಧಾರದ ಅರ್ಜಿಗೆ ಭದ್ರತಾ ಸಂಸ್ಥೆಗಳ ಪೂರ್ವಾನುಮತಿ ಬೇಕೆಂದು ಶಾಸನವೇ ಹೇಳುವುದರಿಂದ, ಇತರ ಒಸಿಐ ಅರ್ಜಿಗಳಿಗಿಂತ ಇದು ತಿಂಗಳುಗಟ್ಟಲೆ ನಿಧಾನ. ಭಾರತದಲ್ಲಿ ಹಾಕಿದರೆ ಶುಲ್ಕ 15,000 ರೂಪಾಯಿ. ದಂಪತಿಗಳಿಬ್ಬರನ್ನೂ ಕರೆದು ಮಾತನಾಡಿಸುತ್ತಾರೆ. ಮನೆಗೆ ಬಂದು ವಿಚಾರಿಸುವುದೂ ಉಂಟು, ಎದುರುಮನೆಯವರನ್ನು, ಮೂಲೆಯ ಅಂಗಡಿಯವನನ್ನು ಕೇಳುವುದೂ ಉಂಟು. ಒಟ್ಟಿಗೆ ವಾಸವಾಗಿರುವುದಕ್ಕೆ ಜಂಟಿ ಬ್ಯಾಂಕು ಖಾತೆಯ ಹಾಳೆಗಳಿಗಿಂತ ನಿರ್ವಿವಾದವಾದ ಪುರಾವೆ ಇಲ್ಲ. ಅದನ್ನು ಬಂದ ಮೊದಲ ವರ್ಷದಲ್ಲೇ ತೆರೆದಿರಬೇಕು. ಅದಕ್ಕೆ ಆಧಾರ್ ಅನುಕೂಲ: ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ವಾಸವಿದ್ದ ವಿದೇಶೀಯರೂ ಆಧಾರ್ ಪಡೆಯಬಹುದು, ವೀಸಾದ ಅವಧಿಗೆ ಅದರ ಆಯುಸ್ಸು. ಈ ಅರ್ಜಿ ಪರಿಶೀಲನೆಯಲ್ಲಿರುವಾಗ ಎಕ್ಸ್ ವೀಸಾ ಮುಗಿಯಲು ಬಿಡಕೂಡದು. ಅರ್ಜಿ ಹಾಕಿದ ಮಾತ್ರಕ್ಕೆ ವಾಸದ ಹಕ್ಕು ಮುಂದುವರಿಯುವುದಿಲ್ಲ.

ಕಾರ್ಡು ಕೈಗೆ ಬಂದ ಮೇಲೆ ಹದಿನಾಲ್ಕು ದಿನದ ನೋಂದಣಿಯೂ ವಿಸ್ತರಣೆಯೂ ಇಲ್ಲ. ಜೀವಮಾನದ ವೀಸಾ ಅದು. ಆದರೆ ತೋಟವಾಗಲಿ ಗದ್ದೆಯಾಗಲಿ ಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ. ಇವನ್ನು ಬಯಸುವವರಿಗೆ ಪೌರತ್ವ ಶಾಸನದ ಐದನೆಯ ಕಲಮಿನ ಕೆಳಗೆ ನೋಂದಣಿಯ ಮೂಲಕ ಪೌರತ್ವ ಪಡೆಯುವ ದಾರಿಯಿದೆ: ಭಾರತದ ಪ್ರಜೆಯನ್ನು ಮದುವೆಯಾಗಿ ಏಳು ವರ್ಷ ಇಲ್ಲಿ ವಾಸಿಸಿರಬೇಕು, ಅಂದರೆ ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಪೂರ್ತಿ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ. ಬೇಸಗೆಗೆ ತೌರೂರಿಗೆ ಹೋಗಿ ಬರುವವಳಿಗೆ ಆ ಕಡೆಯ ಹನ್ನೆರಡು ತಿಂಗಳೇ ಕಷ್ಟ. ಮತ್ತು ತನ್ನ ದೇಶದ ಪೌರತ್ವವನ್ನು ತ್ಯಜಿಸಬೇಕಾಗುವುದರಿಂದ ಯೂರೋಪಿನ ಬಹುಮಂದಿ ಒಸಿಐಗೇ ನಿಲ್ಲುತ್ತಾರೆ. ಹಾಗೆ ನಿಂತವರಿಗೆ ಉಳಿಯುವ ಮುಖ್ಯ ಕರ್ತವ್ಯ ಇದು: ಹೊಸ ಪಾಸ್‌ಪೋರ್ಟು ಬಂದಾಗಲೆಲ್ಲ, ಮೂರು ತಿಂಗಳೊಳಗಾಗಿ, ಅದರ ಪ್ರತಿಯನ್ನೂ ಹೊಸ ಭಾವಚಿತ್ರವನ್ನೂ ಒಸಿಐ ಜಾಲತಾಣಕ್ಕೆ ಏರಿಸಿ, ಮದುವೆ ಇಂದಿಗೂ ಮುಂದುವರಿದಿದೆಯೆಂದು ಮತ್ತೊಮ್ಮೆ ಬರೆದುಕೊಡುವುದು.